ಅಡುಗೆಮನೆಯ 13 ಸೆಕೆಂಡು: ಛಾಯಾಗ್ರಾಹಕರ ಶೋರೀಲ್‌ನಲ್ಲಿ ಏನಿರಬೇಕು, ಎಷ್ಟಿರಬೇಕು

ನಿಮ್ಮ ಶೋರೀಲನ್ನು ಯಾರು, ಎಲ್ಲಿ, ಹೇಗೆ ನೋಡುತ್ತಾರೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಜಾಹೀರಾತು ಚಿತ್ರಗಳನ್ನು ಮಾಡುವ ಒಂದು ನಿರ್ಮಾಣ ಸಂಸ್ಥೆಯ ಆಫೀಸಿನಲ್ಲಿ ಒಂದು ಸಂಜೆ ನಾನು ಕೂತಿದ್ದೆ. ಅವರಿಗೆ ಮುಂದಿನ ವಾರದ ಶೂಟಿಂಗಿಗೆ ಒಬ್ಬ ಛಾಯಾಗ್ರಾಹಕರು ಬೇಕಿತ್ತು. ಗೊತ್ತಿದ್ದವರಿಗೆಲ್ಲ ಬೇರೆ ಕಡೆ ಕಾಲ್‌ಶೀಟ್ ಇತ್ತು. ನಿರ್ದೇಶಕರು, ನಿರ್ಮಾಪಕರು, ಲೈನ್ ಪ್ರೊಡ್ಯೂಸರ್ ಮೂವರೂ ಒಂದೇ ಫೋನಿನ ಮೇಲೆ ಬಗ್ಗಿ ನೋಡುತ್ತಿದ್ದರು. ವಾಟ್ಸಾಪಿನಲ್ಲಿ ಬಂದ 20 ಲಿಂಕುಗಳು. ಊಟಕ್ಕೆ ಹೋಗುವ ಮೊದಲು ಮೂರು ಹೆಸರು ಆರಿಸಬೇಕು. ಸದ್ದು ಬಂದ್ ಮಾಡಿದ್ದರು, ಏಕೆಂದರೆ ಪಕ್ಕದ ಕೋಣೆಯಲ್ಲಿ ಮೀಟಿಂಗ್ ನಡೆಯುತ್ತಿತ್ತು. ಲಿಂಕ್ ತೆರೆದ ಹತ್ತು ಸೆಕೆಂಡಿಗೆ ಹೆಬ್ಬೆರಳು ಟೈಮ್‌ಲೈನಿನ ಮೇಲೆ ಹೋಗುತ್ತಿತ್ತು. ನಡುವೆ ಒಂದು ಕಡೆ ನಿಲ್ಲಿಸಿ ನೋಡಿದರು, ಇನ್ನೊಂದು ಕಡೆ ನಿಲ್ಲಿಸಿ ನೋಡಿದರು, ಮುಂದಿನದಕ್ಕೆ ಹೋದರು.

ಇದು ಅವರ ಉಡಾಫೆಯಲ್ಲ. ಅವರ ತಲೆಯಲ್ಲಿದ್ದದ್ದು ಒಂದೇ ಪ್ರಶ್ನೆ: ಬರುವ ಗುರುವಾರ ಜಯನಗರದ ಒಂದು ಹಳೇ ಮನೆಯಲ್ಲಿ, ಹನ್ನೆರಡು ಗಂಟೆಯ ಶಿಫ್ಟಿನಲ್ಲಿ, ನಮಗೆ ಬೇಕಾದ ಚಿತ್ರ ಇವರು ತೆಗೆದುಕೊಡುತ್ತಾರಾ? ನಿಮ್ಮ ರೀಲಿನ ಪ್ರತಿ ಶಾಟ್ ಆ ಪ್ರಶ್ನೆಗೆ ಒಂದು ಸಾಕ್ಷಿ. ಸಾಕ್ಷಿ ಹೇಳದ ಶಾಟ್ ಎಷ್ಟೇ ಚೆಲುವಾಗಿರಲಿ, ಅದಕ್ಕೆ ಅಲ್ಲಿ ಕೆಲಸವಿಲ್ಲ. ಎಷ್ಟು ನಿಮಿಷ ಇರಬೇಕು ಎಂದು ಎಲ್ಲರೂ ಕೇಳುತ್ತೀರಿ. ನಿಮಿಷವನ್ನು ಮೊದಲೇ ಗೊತ್ತು ಮಾಡಿಕೊಂಡು ಅದನ್ನು ತುಂಬಿಸಲು ಹೊರಟರೆ ರೀಲ್ ಕೆಡುತ್ತದೆ. ಸಾಕ್ಷಿಗಳು ಮುಗಿದಲ್ಲಿ ರೀಲ್ ಮುಗಿಯಬೇಕು. ಇದು ಹೇಗೆ ಅನ್ನುವುದನ್ನು ಒಂದು ನಿಜವಾದ ರೀಲ್ ಇಟ್ಟುಕೊಂಡೇ ಹೇಳುತ್ತೇನೆ.

ನನ್ನ ಜೊತೆ ಐದು ವರ್ಷ ಸಹಾಯಕಿಯಾಗಿ ಕೆಲಸ ಮಾಡಿದ ಹುಡುಗಿಯೊಬ್ಬಳು ಸ್ವತಂತ್ರವಾಗಿ ಕೆಲಸ ಹುಡುಕಲು ಹೊರಟಳು. ಹೆಸರು ಬೇಡ, ನಿಮ್ಮಲ್ಲಿ ಕೆಲವರಿಗೆ ಆಕೆ ಗೊತ್ತಿರಬಹುದು. ಎರಡು ಕಿರುಚಿತ್ರ, ಒಂದು ಮ್ಯೂಸಿಕ್ ಆಲ್ಬಂ, ಒಂದು ಗ್ರಾನೈಟ್ ಕಾರ್ಖಾನೆಯ ಕಾರ್ಪೊರೇಟ್ ಫಿಲ್ಮ್, ಇಳಕಲ್ಲಿನ ನೇಕಾರರ ಬಗ್ಗೆ ಒಂದು ಸಾಕ್ಷ್ಯಚಿತ್ರ, ಜೊತೆಗೆ ಒಂದಷ್ಟು ಮದುವೆಗಳು. ಇಷ್ಟು ಆಕೆಯ ಕೈಯಲ್ಲಿತ್ತು. ಅರ್ಜಿ ಹಾಕುತ್ತಿದ್ದದ್ದು ಎರಡು ಮೂರು ನಿಮಿಷದ ಕಥೆಯಂಥ ಜಾಹೀರಾತುಗಳನ್ನು ಮಾಡುವ ಸಂಸ್ಥೆಗೆ. ಅಡುಗೆ ಎಣ್ಣೆ, ಕಾಫಿಪುಡಿ, ಮನೆಯ ಬಣ್ಣ, ಇಂಥವು. ಅಂದರೆ ಮನೆಯೊಳಗೆ ಮನುಷ್ಯರು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಆಕೆ ತಂದ ರೀಲ್ 4 ನಿಮಿಷ 12 ಸೆಕೆಂಡ್ ಇತ್ತು. ಮೊದಲ 9 ಸೆಕೆಂಡ್ ಲೆನ್ಸ್ ತಿರುಗಿ ಹೆಸರು ಮೂಡುವ ಅನಿಮೇಷನ್. ಆಮೇಲೆ 96 ಶಾಟ್. ಶುರುವಾಗುವುದು ಸಕಲೇಶಪುರದ ಗುಡ್ಡಗಳ ಮೇಲೆ ಮಂಜು ಹರಿಯುವ ಡ್ರೋನ್ ಶಾಟಿನಿಂದ. ಕೆಳಗೆ ಭರ್ಜರಿ ಸಂಗೀತ, ತಾಳಕ್ಕೆ ಸರಿಯಾಗಿ ಕಟ್. ಮೊದಲ ಸಲ ನೋಡಿದಾಗ ಚೆನ್ನಾಗಿದೆ ಅನಿಸುತ್ತದೆ. ನಾನು ಸದ್ದು ಬಂದ್ ಮಾಡಿ ಎರಡನೇ ಸಲ ಹಾಕಿದೆ. ಒಂದೂವರೆ ನಿಮಿಷದ ಹೊತ್ತಿಗೆ ಅವಳೇ ಬೇರೆ ಕಡೆ ನೋಡತೊಡಗಿದಳು.

ಇದು ನೀವೂ ಮಾಡಬೇಕಾದ ಮೊದಲ ಪರೀಕ್ಷೆ. ಸಂಗೀತ ಎಷ್ಟೋ ತಪ್ಪುಗಳನ್ನು ಮುಚ್ಚುತ್ತದೆ. ತಾಳಕ್ಕೆ ಕಟ್ ಬಿದ್ದಾಗ ಸಿಗುವ ಖುಷಿ ಸಂಕಲನದ್ದು, ಹಾಡಿನದ್ದು. ನಿಮ್ಮ ಬೆಳಕಿನದ್ದಲ್ಲ. ಸದ್ದಿಲ್ಲದೆ ನಿಲ್ಲುವ ಶಾಟ್ ಯಾವುದು ಎಂದು ಮೊದಲು ತಿಳಿಯಬೇಕು. ಇನ್ನೊಂದು ಅಪಾಯವೂ ಇದೆ. ಯಾರದೋ ಹೆಸರಾಂತ ಹಾಡು ಹಾಕಿ ಯೂಟ್ಯೂಬಿಗೆ ಏರಿಸಿದರೆ ಹಕ್ಕುದಾರರು ಅದನ್ನು ಸದ್ದಿಲ್ಲದಂತೆ ಮಾಡಿಸಬಹುದು, ತಡೆಯಲೂಬಹುದು. ಅರ್ಜಿ ಕಳಿಸಿದ ಮೇಲೆ ಲಿಂಕ್ ಸತ್ತಿದೆ ಎಂದು ನಿಮ್ಮ ಗಮನಕ್ಕೇ ಬಾರದೆ ಹೋಗಬಹುದು. ಪರವಾನಗಿ ಇರುವ ಸಂಗೀತವನ್ನೇ, ಅದೂ ಮೆಲ್ಲಗೆ, ಕೊನೆಯಲ್ಲಿ ಹಾಕಿಕೊಳ್ಳಿ. ಮೊದಲು ಚಿತ್ರ ಕೂಡಲಿ.

ಆಮೇಲೆ ನಾವು ಮಾಡಿದ್ದು ಬಹಳ ಸರಳವಾದ ಕೆಲಸ. 96 ಶಾಟಿನಿಂದಲೂ ಒಂದೊಂದು ಸ್ಟಿಲ್ ತೆಗೆದೆವು. ಡಾವಿಂಚಿ ರಿಸಾಲ್ವ್‌ನಲ್ಲಿ ಇದು ಹತ್ತು ನಿಮಿಷದ ಕೆಲಸ. ಅವನ್ನೆಲ್ಲ ಒಂದೇ ಹಾಳೆಯಲ್ಲಿ ಅಂಚೆ ಚೀಟಿಯಷ್ಟು ಚಿಕ್ಕದಾಗಿ ಜೋಡಿಸಿ ಪ್ರಿಂಟ್ ತೆಗೆದೆವು. ಸ್ಟಿಲ್ ಫೋಟೋಗ್ರಫಿ ಮಾಡಿದ ಹಳಬರಿಗೆ ಕಾಂಟ್ಯಾಕ್ಟ್ ಶೀಟ್ ಗೊತ್ತಿರುತ್ತದೆ, ಅದೇ. ಟೈಮ್‌ಲೈನಿನಲ್ಲಿ ಒಂದಾದ ಮೇಲೊಂದು ಬರುವಾಗ ಕಾಣದ್ದು ಹಾಳೆಯ ಮೇಲೆ ಒಟ್ಟಿಗೆ ಕಂಡುಬಿಡುತ್ತದೆ. ಸೂರ್ಯನಿಗೆ ಎದುರಾಗಿ ನಿಂತ ಕಪ್ಪು ಆಕೃತಿಗಳು ಹದಿನಾಲ್ಕು. ಹೈ ಸ್ಪೀಡಿನಲ್ಲಿ ತೆಗೆದು ನಿಧಾನ ಮಾಡಿದ್ದು ಹದಿನೇಳು. ಡ್ರೋನ್ ಹನ್ನೊಂದು. ಯಾರದೋ ಬೆನ್ನ ಹಿಂದೆ ಗಿಂಬಲ್ ಹಿಡಿದು ನಡೆದದ್ದು ಒಂಬತ್ತು. ಹಾಳೆ ನೋಡಿ ಆಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೆಂಪು ಪೆನ್ ತೆಗೆದುಕೊಂಡಳು.

ಡ್ರೋನಿನಿಂದ ಶುರು ಮಾಡಿದೆವು. ಹನ್ನೊಂದನ್ನೂ ಹಾರಿಸಿದ್ದು ಬಾಡಿಗೆಗೆ ಬಂದ ಡ್ರೋನ್ ಆಪರೇಟರ್. ಎಲ್ಲಿಂದ ಎಲ್ಲಿಗೆ ಎಂದು ಇವಳು ಹೇಳಿದ್ದಳು, ನಿಜ. ಆದರೆ ನೋಡುವವರಿಗೆ ಅದು ಗೊತ್ತಾಗುವುದಿಲ್ಲ, ಗುಡ್ಡ ಗೊತ್ತಾಗುತ್ತದೆ. ಮಂಜಿನ ಸಕಲೇಶಪುರವನ್ನು ಯಾರು ಮೇಲಿನಿಂದ ತೆಗೆದರೂ ಚೆಂದ. ಎರವಲು ಚೆಲುವು ಎಂದು ನಾನು ಕರೆಯುವುದು ಇದನ್ನೇ. ಜಾಗದ ಚೆಲುವು, ಸೆಟ್ಟಿನ ಚೆಲುವು, ನಟಿಯ ಚೆಲುವು, ಯಂತ್ರದ ಚೆಲುವು. ಶಾಟ್ ನೋಡಿ ನಿಮ್ಮನ್ನು ನೀವೇ ಕೇಳಿಕೊಳ್ಳಿ: ಇಲ್ಲಿ ನಾನು ಏನು ತೀರ್ಮಾನ ಮಾಡಿದೆ? ಬೆಳಕು ಎಲ್ಲಿಂದ ಬರಲಿ ಅಂದೆನಾ, ಎಲ್ಲಿ ಬೀಳದಿರಲಿ ಅಂದೆನಾ, ಈ ಎತ್ತರಕ್ಕೇ ಕ್ಯಾಮೆರಾ ಯಾಕೆ ಇಟ್ಟೆ? ಉತ್ತರ ಬರದಿದ್ದರೆ ಶಾಟ್ ತೆಗೆಯಿರಿ. ಹನ್ನೊಂದೂ ಹೋದವು.

ಆರು ಶಾಟ್ ಬೇರೆಯವರ ಕೆಲಸದಲ್ಲಿ ಎರಡನೇ ಕ್ಯಾಮೆರಾ ಹಿಡಿದು ತೆಗೆದದ್ದು. ಬೆಳಕು ಮಾಡಿದ್ದು ಮುಖ್ಯ ಛಾಯಾಗ್ರಾಹಕರು, ಚೌಕಟ್ಟು ಮಾತ್ರ ಇವಳದು. ಇಂಥದ್ದನ್ನು ಹಾಕಲೇಬೇಕೆಂದರೆ ಕೆಳಗೆ ಸಣ್ಣದಾಗಿ ‘ಕ್ಯಾಮೆರಾ ಆಪರೇಟರ್’ ಎಂದು ಬರೆಯಬೇಕು. ಬರೆಯದೆ ಹಾಕಿದರೆ ಅದು ಸುಳ್ಳು. ಬೆಂಗಳೂರು ನಮ್ಮ ಕಸುಬಿಗೆ ತುಂಬ ಚಿಕ್ಕ ಊರು. ನಿಮ್ಮ ರೀಲ್ ನೋಡುತ್ತಿರುವ ನಿರ್ಮಾಪಕರೇ ಆ ಸೆಟ್ಟಿನಲ್ಲಿ ಕಾಫಿ ಕುಡಿಯುತ್ತಾ ನಿಂತಿದ್ದಿರಬಹುದು. ಒಂದು ಶಾಟ್ ನಿಮ್ಮದಲ್ಲ ಎಂದು ಗೊತ್ತಾದರೆ ಉಳಿದ ಇಪ್ಪತ್ತೈದನ್ನೂ ಅವರು ನಂಬುವುದಿಲ್ಲ. ಸಹಾಯಕರಾಗಿ ಫೋಕಸ್ ಎಳೆದ ಚಿತ್ರದ ಶಾಟ್‌ಗಳನ್ನಂತೂ ಮುಟ್ಟಲೇಬೇಡಿ. ಅವು ನಿಮ್ಮ ಬಯೋಡೇಟಾದ ಪಟ್ಟಿಗೆ ಸೇರಿದ್ದು. ಆರೂ ಹೋದವು.

ಸ್ಲೋಮೋಷನ್ ಹದಿನೇಳರಲ್ಲಿ ಮೂರು ಉಳಿದವು. ನಿಧಾನಗತಿಯಲ್ಲಿ ಎಲ್ಲವೂ ಕಾವ್ಯದ ಹಾಗೆ ಕಾಣುತ್ತದೆ, ಅದೇ ತೊಂದರೆ. ಕೈಯ ನಡುಕ, ತಡವಾದ ಪ್ಯಾನ್, ನಟರ ಹೆಜ್ಜೆಗೆ ಹೊಂದದ ಚಲನೆ ಎಲ್ಲವನ್ನೂ ಅದು ನುಣ್ಣಗೆ ಮಾಡಿ ಮುಚ್ಚುತ್ತದೆ. ನೋಡಿ ನೋಡಿ ಪಳಗಿದ ಕಣ್ಣಿಗೆ ಅನುಮಾನ ಬರುತ್ತದೆ: ಸಾಮಾನ್ಯ ವೇಗದಲ್ಲಿ ಇವರು ಕ್ಯಾಮೆರಾ ಆಡಿಸಬಲ್ಲರಾ? ಕಪ್ಪು ಆಕೃತಿ ಹದಿನಾಲ್ಕರಲ್ಲಿ ಒಂದನ್ನು ಇಟ್ಟೆವು. ಬೆನ್ನ ಹಿಂದಿನ ನಡಿಗೆಯಲ್ಲೂ ಒಂದು. ಒಂದೇ ಮಾತನ್ನು ಎರಡನೇ ಸಲ ಹೇಳುವ ಶಾಟ್ ಮೊದಲನೆಯದರ ಬೆಲೆಯನ್ನೂ ಕಳೆಯುತ್ತದೆ. ಈಗ ಉಳಿದದ್ದು ನಲವತ್ತನಾಲ್ಕು.

ಇಲ್ಲಿಯವರೆಗಿನದು ಕಸ ಗುಡಿಸುವ ಕೆಲಸ. ಕಷ್ಟವಾದದ್ದು ಮುಂದಿನದು. ನಲವತ್ತನಾಲ್ಕೂ ಒಳ್ಳೆಯ ಶಾಟ್‌ಗಳೇ. ಆದರೆ ಹಾಳೆಯ ಮೇಲೆ ಮತ್ತೆ ಜೋಡಿಸಿ ನೋಡಿದಾಗ ನನಗೆ ಒಂದು ಕೊರತೆ ಕಂಡಿತು. ಯಾವ ಎರಡು ಶಾಟೂ ಒಂದೇ ದೃಶ್ಯದ್ದಲ್ಲ. ಇಲ್ಲೊಂದು ಮುಖ, ಅಲ್ಲೊಂದು ಬಾಗಿಲು, ಮತ್ತೊಂದು ಕಡೆ ಬೆಂಕಿ. ಬಿಡಿ ಶಾಟ್‌ಗಳ ರೀಲ್ ಹೇಳುವುದು ಇಷ್ಟೇ: ಈಕೆ ವರ್ಷದಲ್ಲಿ ನಲವತ್ತು ಸಲ ಒಂದೊಂದು ಚೆಂದದ ಚೌಕಟ್ಟು ಕಂಡಳು. ಕೆಲಸ ಕೊಡುವವರಿಗೆ ಬೇಕಾದ್ದು ಅದಲ್ಲ. ಒಂದು ದೃಶ್ಯಕ್ಕೆ ವೈಡ್ ಬೇಕು, ಕ್ಲೋಸ್ ಬೇಕು, ಎದುರಿನವರ ಕ್ಲೋಸ್ ಬೇಕು, ಕೈಯ ಇನ್ಸರ್ಟ್ ಬೇಕು. ಬೆಳಿಗ್ಗೆ ಒಂಬತ್ತಕ್ಕೆ ವೈಡ್ ತೆಗೆದಿರುತ್ತೀರಿ, ಎದುರಿನ ಕ್ಲೋಸ್‌ಗೆ ಬರುವಾಗ ಮಧ್ಯಾಹ್ನ ಮೂರು. ಸೂರ್ಯ ಮನೆಯ ಆಚೆ ಬದಿಗೆ ಹೋಗಿರುತ್ತಾನೆ. ತೆರೆಯ ಮೇಲೆ ಅದು ಒಂದೇ ನಿಮಿಷವಾಗಿ ಕಾಣಬೇಕು. ನಮ್ಮ ಕಸುಬಿನ ಅರ್ಧ ಇರುವುದು ಅಲ್ಲಿ. ಬಿಡಿ ಶಾಟಿನಲ್ಲಿ ಅದು ಕಾಣುವುದೇ ಇಲ್ಲ.

ಹಾಗಾಗಿ ರೀಲನ್ನು ಬದಿಗಿಟ್ಟು ಮೂಲ ಚಿತ್ರಗಳನ್ನು ಪೂರ್ತಿಯಾಗಿ ನೋಡೋಣ ಎಂದೆ. ಮೊದಲ ಕಿರುಚಿತ್ರದಲ್ಲಿ ಒಂದು ಅಡುಗೆಮನೆ ಬಂತು. ಅಜ್ಜಿ ಒಲೆಯ ಮುಂದೆ ಅನ್ನ ಬಸಿಯುತ್ತಿದ್ದಾಳೆ. ಮೊಮ್ಮಗ ಬಾಗಿಲಲ್ಲಿ ನಿಂತು ಏನೋ ಸುಳ್ಳು ಹೇಳುತ್ತಿದ್ದಾನೆ. ಅಜ್ಜಿ ತಿರುಗಿ ನೋಡುವುದಿಲ್ಲ, ಕೈ ಮಾತ್ರ ನಿಲ್ಲುತ್ತದೆ. ನಾಲ್ಕು ಶಾಟ್. ಎಡಕ್ಕೆ ಕಿಟಕಿ, ಗಂಜಿಯ ಹಬೆಯ ಮೇಲೆ ಬೆಳಕು, ಅಜ್ಜಿಯ ಕೆನ್ನೆಯ ಒಂದು ಬದಿ ಬೆಳಗಿ ಇನ್ನೊಂದು ಬದಿ ಕತ್ತಲಿಗೆ ಜಾರುತ್ತದೆ, ಆದರೆ ಆ ಕತ್ತಲಲ್ಲೂ ಕಣ್ಣು ಕಾಣುತ್ತದೆ.

“ಇದು ಯಾಕೆ ರೀಲಿನಲ್ಲಿಲ್ಲ?” ಎಂದೆ.

“ಸರ್, ಇದರಲ್ಲಿ ಏನೂ ಇಲ್ಲವಲ್ಲ. ಬರೀ ಅಡುಗೆಮನೆ.”

ಹೇಗೆ ತೆಗೆದೆ ಎಂದು ಕೇಳಿದೆ. ಕಿಟಕಿ ಪೂರ್ವಕ್ಕೆ. ಬೆಳಗಿನ ಬಿಸಿಲು ನೇರ ಒಳಗೆ ಬಂದು ಹನ್ನೊಂದಕ್ಕೆಲ್ಲ ಹೊರಟುಹೋಗುತ್ತಿತ್ತು. ಅಷ್ಟರಲ್ಲಿ ನಾಲ್ಕು ಶಾಟ್ ಆಗುವುದಿಲ್ಲ ಎಂದು ಹಿಂದಿನ ದಿನ ಲೊಕೇಶನ್ ನೋಡಲು ಹೋದಾಗಲೇ ಗೊತ್ತಾಗಿದೆ. ಇವಳು ಮಾಡಿದ್ದೇನೆಂದರೆ, ಕಿಟಕಿಯ ಹೊರಗೆ ಬಿಳಿ ಬಟ್ಟೆಯ ಸ್ಕಿಮ್ಮರ್ ಕಟ್ಟಿ ನೇರ ಬಿಸಿಲು ಒಳಗೆ ಬರುವುದನ್ನೇ ನಿಲ್ಲಿಸಿದಳು. ಬೆಳಿಗ್ಗೆ ಆ ಬಟ್ಟೆಯನ್ನು ಬೆಳಗಿದ್ದು ಸೂರ್ಯ. ಸೂರ್ಯ ಹೋದಮೇಲೆ ಅದೇ ಬಟ್ಟೆಯ ಹಿಂದೆ ಒಂದೇ ಒಂದು ಎಚ್‌ಎಂಐ ದೀಪ. ಒಳಗೆ ಅಜ್ಜಿಯ ಕತ್ತಲ ಬದಿಗೆ ದೂರದಲ್ಲಿ ಒಂದು ಥರ್ಮೋಕೋಲ್ ಹಾಳೆ. ವೈಡ್ ಬೆಳಿಗ್ಗೆ ಒಂಬತ್ತೂವರೆಗೆ, ಕೈಯ ಇನ್ಸರ್ಟ್ ಸಂಜೆ ಐದಕ್ಕೆ. ನಾಲ್ಕನ್ನೂ ಕೂಡಿಸಿ ನೋಡಿದರೆ ಗಡಿಯಾರ ಮೂರು ನಿಮಿಷವೂ ಸರಿದಂತಿಲ್ಲ. ಜಯನಗರದ ಮನೆಯಲ್ಲಿ ಗುರುವಾರ ನಡೆಯಬೇಕಾದ ಕೆಲಸ ಸರಿಯಾಗಿ ಇದೇ ಅಲ್ಲವೇ? ಆಕೆಯ ಬಳಿ ಇದ್ದ ಅತಿ ಗಟ್ಟಿ ಸಾಕ್ಷಿ ಇದು. ಎದ್ದು ಕಾಣುವುದಿಲ್ಲ ಎಂಬ ಕಾರಣಕ್ಕೇ ಬಿಟ್ಟಿದ್ದಳು.

ಇದನ್ನು ನಾವು ಬಿಡಿಸದೆ, ಸಾಲಾಗಿ, 13 ಸೆಕೆಂಡ್ ಇಟ್ಟೆವು. ವೈಡ್ ನಾಲ್ಕು ಸೆಕೆಂಡ್, ಅಜ್ಜಿಯ ಕ್ಲೋಸ್ ಮೂರು, ಹುಡುಗನದು ಮೂರು, ನಿಂತ ಕೈ ಮೂರು. ಆ ಹುಡುಗ ಹೇಳುವ ಒಂದು ಸಾಲಿನ ಧ್ವನಿಯನ್ನೂ ಉಳಿಸಿಕೊಂಡೆವು. ಸಂಗೀತ ಅಲ್ಲಿ ತಗ್ಗುತ್ತದೆ. ಸದ್ದು ಬಂದ್ ಮಾಡಿ ನೋಡಿದವರಿಗೆ ಏನೂ ನಷ್ಟವಿಲ್ಲ, ಕೇಳಿದವರಿಗೆ ರೀಲ್ ಒಂದು ಉಸಿರು ತೆಗೆದುಕೊಂಡಂತೆ ಆಗುತ್ತದೆ. ಎರಡನೇ ಕಿರುಚಿತ್ರದಿಂದ ಇನ್ನೊಂದು ದೃಶ್ಯ ಸಿಕ್ಕಿತು. ರಾತ್ರಿಯ ಪೆಟ್ಟಿಗೆ ಅಂಗಡಿ, ಒಳಗೆ ಬಿಳಿ ಟ್ಯೂಬ್‌ಲೈಟ್, ಹೊರಗೆ ಹಳದಿ ಬೀದಿದೀಪ, ನಡುವೆ ನಿಂತ ಇಬ್ಬರ ಮುಖ. ಮೂರು ಶಾಟ್, ಒಂಬತ್ತು ಸೆಕೆಂಡ್. ಎರಡು ಬಣ್ಣದ ಬೆಳಕಿನಲ್ಲಿ ಚರ್ಮದ ಬಣ್ಣ ಕೆಡದಂತೆ ನೋಡಿಕೊಂಡಿದ್ದಾಳೆ. ನಮ್ಮ ಜನರ ಮೈಬಣ್ಣಗಳು ಹಲವು. ಕಪ್ಪು ಮೈಬಣ್ಣದವರನ್ನು ರಾತ್ರಿ ಬೆಳಕಿನಲ್ಲಿ ಬೂದಿ ಹಿಡಿಸದೆ ತೋರಿಸಬಲ್ಲವರನ್ನು ಕಂಡರೆ ಯಾವ ನಿರ್ದೇಶಕರೂ ಫೋನನ್ನು ಸ್ವಲ್ಪ ಹತ್ತಿರಕ್ಕೆ ಹಿಡಿದು ನೋಡುತ್ತಾರೆ.

ಈ ಏಳು ಹೊಸ ಶಾಟ್‌ಗಳಿಗೆ ಜಾಗ ಬೇಕಲ್ಲ. ನಲವತ್ತನಾಲ್ಕನ್ನು ಆ ಒಂದು ಕೆಲಸಕ್ಕೆ ಹಿಡಿದು ನೋಡಿದೆವು. ಮದುವೆಯ ಶಾಟ್‌ಗಳೆಲ್ಲ ಇಲ್ಲಿ ಹೋದವು. ಇದರ ಬಗ್ಗೆ ಒಂದು ಮಾತು ಹೇಳಬೇಕು, ಏಕೆಂದರೆ ಇಲ್ಲಿ ಕೂತಿರುವವರಲ್ಲಿ ಬಹಳ ಮಂದಿ ಮದುವೆಯ ಕೆಲಸದಿಂದಲೇ ಮನೆ ನಡೆಸುತ್ತಿದ್ದೀರಿ. ಅದು ಕೀಳು ಕೆಲಸವಲ್ಲ. ಇನ್ನೊಂದು ಟೇಕ್ ಕೇಳುವಂತಿಲ್ಲ, ಬೆಳಕು ನಿಮ್ಮ ಕೈಯಲ್ಲಿಲ್ಲ, ಧಾರೆಯ ಹೊತ್ತಿಗೆ ಪುರೋಹಿತರು ನಿಮಗೆ ಕಾಯುವುದಿಲ್ಲ. ಅಂಥ ಕಡೆ ಕಣ್ಣು ಎಲ್ಲಿರಬೇಕೋ ಅಲ್ಲಿ ಇರಿಸುವುದು ಸಾಕ್ಷ್ಯಚಿತ್ರದ ಛಾಯಾಗ್ರಾಹಕರಿಗೆ ಬೇಕಾದ ಗುಣವೇ. ಆದ್ದರಿಂದ ಸಾಕ್ಷ್ಯಚಿತ್ರದ ಕೆಲಸಕ್ಕೆ ಅರ್ಜಿ ಹಾಕುವಾಗ ಮದುವೆಯ ಒಂದು ಒಳ್ಳೆಯ ಉದ್ದನೆಯ ಶಾಟ್ ಇಡಿ. ತಾಳಿ ಕಟ್ಟುವುದಲ್ಲ, ಹುಡುಗಿಯ ಅಪ್ಪ ಕಂಬದ ಹಿಂದೆ ಹೋಗಿ ಕನ್ನಡಕ ಒರೆಸಿಕೊಳ್ಳುವುದು. ಕಥೆಯ ಜಾಹೀರಾತಿಗೆ ಮಾತ್ರ ಅದು ಸಾಕ್ಷಿ ಆಗುವುದಿಲ್ಲ. ಒಂದೊಂದು ಬಗೆಯ ಕೆಲಸಕ್ಕೆ ಒಂದೊಂದು ರೀಲ್ ಬೇಕು ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ. ಎಲ್ಲವನ್ನೂ ತುಂಬಿದ ಒಂದೇ ರೀಲ್ ಯಾರ ಪ್ರಶ್ನೆಗೂ ಉತ್ತರವಲ್ಲ.

ಇಪ್ಪತ್ತೈದು ಹೋಗಿ ಹತ್ತೊಂಬತ್ತು ಉಳಿದವು. ಹೊಸ ಏಳು ಸೇರಿ ಇಪ್ಪತ್ತಾರು. ಈಗ ಉದ್ದದ ಲೆಕ್ಕ ತಾನೇ ಬಂತು. ಒಂದು ಶಾಟಿಗೆ ಸರಾಸರಿ ಮೂರು ಸೆಕೆಂಡ್. ಬೆಳಕು ಎಲ್ಲಿಂದ ಬರುತ್ತಿದೆ ಎಂದು ಕಣ್ಣು ಹಿಡಿಯಲು ಅಷ್ಟಾದರೂ ಬೇಕು. ಒಂದು ಸೆಕೆಂಡಿಗೆ ಕಟ್ ಮಾಡಿದರೆ ನೋಡುವವರು ಇದು ಏನನ್ನೋ ಮುಚ್ಚಿಡುತ್ತಿದೆ ಅಂದುಕೊಳ್ಳುತ್ತಾರೆ. ಕ್ಯಾಮೆರಾ ಚಲಿಸುವ ಶಾಟ್ ಆದರೆ ಚಲನೆ ಶುರುವಾಗಿ ನಿಲ್ಲುವವರೆಗೆ ಇರಲಿ. ನಿಲ್ಲಿಸುವುದರಲ್ಲೇ ಆಪರೇಟರ್‌ನ ಕೈ ಗೊತ್ತಾಗುವುದು. ಇಳಕಲ್ಲಿನ ಕುಣಿ ಮಗ್ಗದಲ್ಲಿ ನೇಕಾರರ ಕಾಲಿನಿಂದ ಮೇಲೇರಿ ಮುಖಕ್ಕೆ ಬಂದು ನಿಲ್ಲುವ ಒಂದು ಶಾಟ್ ಇತ್ತು, ಅದಕ್ಕೆ ಆರು ಸೆಕೆಂಡ್ ಕೊಟ್ಟೆವು. ಗ್ರಾನೈಟ್ ಕಾರ್ಖಾನೆಯ ನಾಲ್ಕಕ್ಕೆ ಒಂಬತ್ತು ಸೆಕೆಂಡ್ ಸಾಕಾಯಿತು. ಹೀಗೆ ಚಿತ್ರ 77 ಸೆಕೆಂಡ್. ಮೊದಲು ಹೆಸರಿಗೆ ಎರಡು ಸೆಕೆಂಡ್, ಕೊನೆಗೆ ಹೆಸರು, ಫೋನ್, ಈಮೇಲ್‌ಗೆ ನಾಲ್ಕು. ಒಟ್ಟು 1 ನಿಮಿಷ 23 ಸೆಕೆಂಡ್. ಲೆನ್ಸ್ ತಿರುಗುವ ಅನಿಮೇಷನ್ ಇಲ್ಲ.

ಒಂದು ನಿಮಿಷದಿಂದ ಒಂದೂವರೆ ನಿಮಿಷ ಜಾಹೀರಾತಿನ ಕೆಲಸಕ್ಕೆ ಸಾಮಾನ್ಯವಾಗಿ ಸರಿಹೋಗುತ್ತದೆ. ಕಥಾಚಿತ್ರ, ವೆಬ್ ಸೀರೀಸ್ ಆದರೆ ಎರಡು ನಿಮಿಷದವರೆಗೆ ಹೋಗಬಹುದು, ಏಕೆಂದರೆ ಅಲ್ಲಿ ದೃಶ್ಯದ ತುಣುಕುಗಳು ಹೆಚ್ಚು ಬೇಕು. ನಿರ್ದೇಶಕರಿಗೆ ಆಸಕ್ತಿ ಹುಟ್ಟಿದರೆ ಅವರು ಇಡೀ ದೃಶ್ಯ ಕೇಳುತ್ತಾರೆ, ಅದಕ್ಕೆ ಎರಡು ಪೂರ್ತಿ ದೃಶ್ಯಗಳ ಲಿಂಕ್ ಬೇರೆಯಾಗಿ ತಯಾರಿರಲಿ. ನಿಮ್ಮ ಬಳಿ ಗಟ್ಟಿಯಾದದ್ದು ಹದಿನಾಲ್ಕೇ ಶಾಟ್ ಇದೆಯೇ? ರೀಲ್ 45 ಸೆಕೆಂಡ್ ಇರಲಿ, ಸಂಕೋಚ ಬೇಡ. ಹದಿನೈದನೆಯದನ್ನು ಸುಮ್ಮನೆ ತುಂಬಿಸಿದರೆ ನಿಮ್ಮ ಮಟ್ಟ ಅಳೆಯುವುದು ಅದರಿಂದಲೇ. ನಿರ್ಮಾಪಕರು ಹೆದರುವುದು ನಿಮ್ಮ ಕೆಟ್ಟ ದಿನಕ್ಕೆ. ಅದು ಹೇಗಿರುತ್ತದೆ ಎಂದು ನಿಮ್ಮ ಅತಿ ಸಪ್ಪೆ ಶಾಟ್ ಅವರಿಗೆ ಹೇಳಿಬಿಡುತ್ತದೆ.

ಎಲ್ಲಿ ನಿಲ್ಲಿಸಬೇಕೆಂದು ಗೊತ್ತಾಗದಿದ್ದರೆ ಹೀಗೆ ಮಾಡಿ. ಕಾಗದ ತೆಗೆದುಕೊಂಡು ರೀಲ್ ನೋಡುತ್ತಾ ಪ್ರತಿ ಶಾಟಿನ ಎದುರು ಅದು ಹೊಸದಾಗಿ ಏನು ಹೇಳಿತು ಎಂದು ಎರಡು ಪದ ಬರೆಯಿರಿ. ‘ಕಿಟಕಿ ಬೆಳಕು’, ‘ರಾತ್ರಿ ಮುಖ’, ‘ಕೈಯಲ್ಲಿ ಹಿಡಿದ ಕ್ಯಾಮೆರಾ’, ‘ಯಂತ್ರದ ಹೊಳಪು’. ಸಾಲಾಗಿ ಮೂರು ಶಾಟಿಗೆ ಬರೆಯಲು ಏನೂ ಸಿಗಲಿಲ್ಲವೆಂದರೆ ರೀಲ್ ಅಲ್ಲಿಗೇ ಮುಗಿದಿದೆ.

ಇನ್ನು ಜೋಡಣೆ. ಮೊದಲ ಶಾಟ್ ಯಾವುದು ಎಂಬುದರ ಬಗ್ಗೆ ನಮ್ಮಿಬ್ಬರಲ್ಲಿ ಜಗಳವೇ ಆಯಿತು. ಆಕೆಗೆ ಆಲ್ಬಂನ ಕೆಂಪು ಹೊಗೆಯ ಶಾಟ್ ಬೇಕು. ನನ್ನ ವಾದ ಏನೆಂದರೆ, ಮೊದಲ ಶಾಟ್ ಅತಿ ಚೆಲುವಾದದ್ದಾಗಬೇಕಿಲ್ಲ, ಕೇಳಿದ ಕೆಲಸಕ್ಕೆ ಅತಿ ಹತ್ತಿರದ್ದಾಗಬೇಕು. ಹತ್ತು ಸೆಕೆಂಡಿನಲ್ಲಿ ಹೆಬ್ಬೆರಳು ಬರುತ್ತದೆ, ಅಷ್ಟರೊಳಗೆ ‘ನಮ್ಮ ಥರದ ಕೆಲಸ ಮಾಡಿದ್ದಾಳೆ’ ಎಂದು ಅನಿಸಿಬಿಡಬೇಕು. ಕೊನೆಗೆ ಕಿಟಕಿಯ ಬಳಿ ಪತ್ರ ಓದುವ ಹೆಂಗಸಿನ ಕಡೆಗೆ ಕ್ಯಾಮೆರಾ ಮೆಲ್ಲಗೆ ಸರಿಯುವ ಐದು ಸೆಕೆಂಡಿನ ಶಾಟಿನಿಂದ ಶುರು ಮಾಡಿದೆವು. ಹಿಂದೆಯೇ ಮನೆಯೊಳಗಿನ ಆರು ಶಾಟ್, ಆಮೇಲೆ ಅಡುಗೆಮನೆ. ಕೆಂಪು ಹೊಗೆ ಐವತ್ತೈದನೇ ಸೆಕೆಂಡಿನ ಆಚೆ ಹೋಯಿತು. ಅಷ್ಟು ದೂರ ಬಂದವರಿಗೆ ಅದು ಒಂದು ಉಡುಗೊರೆ. ಕೊನೆಗೆ ನಿಮ್ಮ ಎರಡನೇ ಅತ್ಯುತ್ತಮ ಶಾಟ್ ಇರಲಿ, ಫೋನ್ ನಂಬರ್ ಬರುವ ಮೊದಲು ಕಣ್ಣಿನಲ್ಲಿ ಉಳಿಯುವುದು ಅದೇ.

ಎರಡು ಮೂರು ತಾಂತ್ರಿಕ ಸಂಗತಿ ಹೇಳಿಬಿಡುತ್ತೇನೆ, ಏಕೆಂದರೆ ಒಳ್ಳೆಯ ಶಾಟ್‌ಗಳು ಇಲ್ಲಿ ಬಲಿಯಾಗುತ್ತವೆ. ಇವಳ ಕಿರುಚಿತ್ರಗಳು ಸೆಕೆಂಡಿಗೆ 24 ಫ್ರೇಮ್, ಸಾಕ್ಷ್ಯಚಿತ್ರ 25 ಫ್ರೇಮ್. 24ರ ಟೈಮ್‌ಲೈನಿಗೆ 25ರ ಶಾಟ್ ಹಾಗೇ ಹಾಕಿದರೆ ಪ್ರತಿ ಸೆಕೆಂಡಿಗೆ ಒಂದು ಫ್ರೇಮ್ ಬಿದ್ದುಹೋಗುತ್ತದೆ. ನಿಂತ ಶಾಟಿನಲ್ಲಿ ಕಾಣುವುದಿಲ್ಲ, ಮಗ್ಗದ ಮೇಲೆ ಏರುವ ಆ ಶಾಟಿನಲ್ಲಿ ಸೆಕೆಂಡಿಗೊಮ್ಮೆ ಸಣ್ಣ ಕುಲುಕು. ನೋಡಿದವರು ಟೈಮ್‌ಲೈನನ್ನು ಬೈಯುವುದಿಲ್ಲ, ಕ್ಯಾಮೆರಾಮನ್ ಕೈ ಸರಿಯಿಲ್ಲ ಅನ್ನುತ್ತಾರೆ. ಸದ್ದು ಬೇಕಿಲ್ಲದ ಶಾಟ್ ಆದ್ದರಿಂದ ರಿಸಾಲ್ವ್‌ನಲ್ಲಿ `Clip Attributes` ತೆರೆದು ಅದರ ವೇಗವನ್ನು 24 ಎಂದು ಬದಲಿಸಿದೆವು. ನೂರಕ್ಕೆ ನಾಲ್ಕರಷ್ಟು ನಿಧಾನವಾಯಿತು, ಯಾರ ಕಣ್ಣಿಗೂ ಬೀಳಲಿಲ್ಲ, ಕುಲುಕು ಹೋಯಿತು. ಚೌಕಟ್ಟಿನ ಅಳತೆಯೂ ಹಾಗೇ. ಸಿನಿಮಾಸ್ಕೋಪ್‌ನ ಅಗಲ ಚಿತ್ರವನ್ನು ಕತ್ತರಿಸಿ 16:9 ಮಾಡಬೇಡಿ. ನೀವು ಯೋಚಿಸಿ ಇಟ್ಟ ಜಾಗವೇ ಹೋಗುತ್ತದೆ. ಮೇಲೆ ಕೆಳಗೆ ಕಪ್ಪು ಪಟ್ಟಿ ಇರಲಿ. ಒಂದೇ ಅಳತೆಯವನ್ನು ಒಟ್ಟಿಗೆ ಇಡಿ, ಪಟ್ಟಿ ಬಂದು ಹೋಗಿ ಮಾಡಿದರೆ ಕಣ್ಣಿಗೆ ಕಿರಿಕಿರಿ.

ಬಣ್ಣದ ವಿಚಾರದಲ್ಲಿ, ಎಲ್ಲ ಶಾಟಿಗೂ ಒಂದೇ ಬಣ್ಣದ ಲೇಪ ಬಳಿಯುವುದು ಬೇಡ. ಚಿತ್ರ ಬಿಡುಗಡೆಯಾದಾಗ ಹೇಗಿತ್ತೋ ಹಾಗೇ ಇರಲಿ. ಕತ್ತಲ ಶಾಟ್‌ಗಳನ್ನು ಮಾತ್ರ ಪರೀಕ್ಷೆ ಮಾಡಬೇಕು. ಎಡಿಟಿಂಗ್ ಕೋಣೆಯ ಮಾನಿಟರಿನಲ್ಲಿ ಕಂಡ ಅಜ್ಜಿಯ ಕಣ್ಣು ಫೋನಿನಲ್ಲಿ ಕಾಣದೇ ಹೋಗಬಹುದು. ಅಪ್‌ಲೋಡ್ ಮಾಡಿದಾಗ ಚಿತ್ರ ಕುಗ್ಗುತ್ತದೆ, ಕತ್ತಲ ಗೋಡೆಯ ಮೇಲೆ ಪಟ್ಟೆಗಳು, ಚೌಕಗಳು ಏಳುತ್ತವೆ. ಸಾಧ್ಯವಾದಷ್ಟು ದೊಡ್ಡ ಫೈಲನ್ನೇ ಏರಿಸಿ. ನಾವು ಲಿಂಕನ್ನು ಒಂದು ಮಾಮೂಲಿ ಫೋನಿನಲ್ಲಿ, ಮಧ್ಯಾಹ್ನ ಹನ್ನೆರಡಕ್ಕೆ, ಟೀ ಅಂಗಡಿಯ ಮುಂದೆ ನಿಂತು ನೋಡಿದೆವು. ಪೆಟ್ಟಿಗೆ ಅಂಗಡಿಯ ಮೂರು ಶಾಟಿನಲ್ಲಿ ಒಂದು ಪೂರ್ತಿ ಕಪ್ಪಾಗಿತ್ತು. ಅದೇ ದೃಶ್ಯದ ಇನ್ನೊಂದು ಕೋನ ಹಾಕಿ ಸರಿಮಾಡಿದೆವು. ಲಿಂಕ್ ವಿಮಿಯೋದಲ್ಲಿದ್ದರೆ ಹೀಗೆ ತಿದ್ದಿದ ಫೈಲನ್ನು ಅದೇ ಲಿಂಕಿನಲ್ಲಿ ಬದಲಿಸಬಹುದು. ಯೂಟ್ಯೂಬಿನಲ್ಲಿ ಹೊಸದಾಗಿ ಏರಿಸಿ ಹೊಸ ಲಿಂಕ್ ಕಳಿಸಬೇಕು. ಇನ್ನೂ ಬಿಡುಗಡೆಯಾಗದ ಚಿತ್ರದ ಶಾಟ್ ಇದ್ದರೆ ನಿರ್ಮಾಪಕರ ಒಪ್ಪಿಗೆ ಬರಹದಲ್ಲಿ ಪಡೆಯಿರಿ, ಲಿಂಕಿಗೆ ಪಾಸ್‌ವರ್ಡ್ ಹಾಕಿ. ಒಪ್ಪಿಗೆ ಸಿಗದಿದ್ದರೆ ಆ ಶಾಟ್ ಇಲ್ಲ ಎಂದೇ ತಿಳಿಯಿರಿ.

ಕಳಿಸುವ ಮೊದಲು ಇನ್ನೊಂದು ಕೆಲಸ ಮಾಡಿಸಿದೆ. ಇಪ್ಪತ್ತಾರು ಶಾಟಿಗೂ ಒಂದು ನೋಟ್‌ಬುಕ್ಕಿನಲ್ಲಿ ಎರಡೆರಡು ಸಾಲು: ಎಷ್ಟು ದೀಪ, ಎಷ್ಟು ಜನ ಲೈಟ್‌ಮನ್‌ಗಳು, ಯಾವ ಲೆನ್ಸ್, ಎಷ್ಟು ಹೊತ್ತು ಹಿಡಿಯಿತು. ರೀಲ್ ಕಟ್ ಮಾಡುವಾಗಲೇ ಇದನ್ನು ಬರೆಯಿರಿ, ಆಗ ಬರೆಯಲಾಗದ ಶಾಟ್ ಯಾವುದು ಎಂದೂ ಗೊತ್ತಾಗುತ್ತದೆ.

ಎಂಟು ದಿನಕ್ಕೆ ಆಕೆಗೆ ಫೋನ್ ಬಂತು. ಮಾತಾಡಿದ್ದು ನಿರ್ದೇಶಕರು. ಗ್ರಾನೈಟ್ ಬಗ್ಗೆ ಕೇಳಲಿಲ್ಲ, ಕೆಂಪು ಹೊಗೆಯ ಬಗ್ಗೆ ಕೇಳಲಿಲ್ಲ.

“ಆ ಅಜ್ಜಿ ಅನ್ನ ಬಸಿಯೋದು ಇದೆಯಲ್ಲ, ಅದು ಬೆಳಿಗ್ಗೆ ತೆಗೆದದ್ದಾ?”

“ವೈಡ್ ಬೆಳಿಗ್ಗೆ ಸರ್. ಕೈ ತೆಗೆದದ್ದು ಸಂಜೆ ಐದಕ್ಕೆ.”

ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲವಂತೆ. ಆಮೇಲೆ ಎಷ್ಟು ದೀಪ ಎಂದು ಕೇಳಿದರು. ಒಂದು ಎಂದಳು. ಎಷ್ಟು ಜನ ಎಂದರು. ಇಬ್ಬರು ಲೈಟ್‌ಮನ್‌ಗಳು ಎಂದಳು. ಗುರುವಾರ ಲೊಕೇಶನ್ ನೋಡಲು ಬನ್ನಿ ಎಂದು ವಿಳಾಸ ಕಳಿಸಿದರು.